ಅತ್ತೆಯ ಅಂಗೈ ಮತ್ತು ಲ್ಯಾಪ್‌ಟಾಪಿನ ಬಿಸಿ

ಟಿ.ವಿ.ಯ ಬೆನ್ನು ಮುಟ್ಟಿ ನೋಡುವುದು ನಮ್ಮತ್ತೆಯ ವಿದ್ಯೆ. ಮಕ್ಕಳೆಲ್ಲ ಪುಸ್ತಕ ಹಿಡಿದು ಕೂತಿದ್ದರೂ ಒಳಗೆ ಬಂದವರೇ ಮೊದಲು ಟಿ.ವಿ.ಯ ಹಿಂಭಾಗಕ್ಕೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಬೆನ್ನಿಗೆ ಏಟು. ನನ್ನ ಗಂಡ ಬೆಳೆದದ್ದು ಆ ಅಂಗೈಯ ಕೆಳಗೆ. ಅವರು ಅದನ್ನು ನಗುತ್ತಾ ಹೇಳುತ್ತಿದ್ದರು. ನಾನು ಸೊಸೆಯಾಗಿ ಬಂದು ಎರಡನೇ ವರ್ಷದಲ್ಲಿ ಅದೇ ಅಂಗೈ ನನ್ನ ಲ್ಯಾಪ್‌ಟಾಪಿನ ಮೇಲೆ ಬಂದಾಗ ನನಗೆ ನಗು ಬರಲಿಲ್ಲ.

ಕೆಂಗಲ್ ಗುಡಿಯಿಂದ ಒಂದು ಮೈಲಿ ಒಳಗೆ ನಮ್ಮ ಮನೆ, ಮನೆಗೆ ಅಂಟಿಕೊಂಡಂತೆ ಹಿಟ್ಟಿನ ಮಿಲ್ಲು. ಮಾವ ಹೊಲ ನೋಡುತ್ತಿದ್ದರು, ಗಂಡ ಬಿಡದಿಯ ಕಾರ್ಖಾನೆಯೊಂದಕ್ಕೆ ಪಾಳಿಯ ಮೇಲೆ ಹೋಗುತ್ತಿದ್ದರು, ಮಿಲ್ಲು ಅತ್ತೆಯ ರಾಜ್ಯ. ರಸ್ತೆಯುದ್ದಕ್ಕೂ ಕಾರ್ಖಾನೆಗಳು ಎದ್ದು ಬಾಡಿಗೆಮನೆಗಳು ತುಂಬುತ್ತಿದ್ದ ಕಾಲ. ರಾಗಿ ಮಾತ್ರ ಬೀಸುತ್ತಿದ್ದ ಮಿಲ್ಲಿಗೆ ಗೋಧಿ, ಕಡ್ಲೆ, ಮೆಣಸಿನಕಾಯಿ ಎಲ್ಲ ಬರತೊಡಗಿದ್ದವು. ಬೆಳಿಗ್ಗೆ ನಾನು ಅಲ್ಲಿ ಚೀಲ ತೂಗಿ, ಚೀಟಿ ಕೊಟ್ಟು, ಹಿಟ್ಟು ತುಂಬಿಕೊಡಬೇಕು. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನದು. ಮದುವೆಗೆ ಮೊದಲೇ ಆದ ಮಾತು ಅದು, ಯಾಕೆಂದರೆ ನಾನು ಅಂಚೆ ಮೂಲಕ ಎಂ.ಎ. ಓದುತ್ತಿದ್ದೆ. ಕೊನೆಯ ವರ್ಷಕ್ಕೆ ಒಂದು ಕಿರುಪ್ರಬಂಧ ಬರೆದು ಟೈಪು ಮಾಡಿ ಕಳಿಸಬೇಕಿತ್ತು. ಮಾಗಡಿ ಸೀಮೆಯ ಊರ ಹೆಸರುಗಳು ಅಂತ ವಿಷಯ. ಅದಕ್ಕೆಂದೇ ತವರೂರು ಕೆಂಪಾಪುರದಿಂದ ನಮ್ಮಪ್ಪ ಒಂದು ಹಳೆಯ ಲ್ಯಾಪ್‌ಟಾಪು ತಂದುಕೊಟ್ಟಿದ್ದರು.

ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು. ವೈರು ಎಳೆದರೆ ಅದರ ಪ್ರಾಣವೂ ಹೋಗುತ್ತಿತ್ತು. ಆನ್ ಮಾಡಿದರೆ ಕೆಲಸಕ್ಕೆ ಬರಲು ಕಾಲು ಗಂಟೆ ಬೇಕು. ನನ್ನ ಎರಡು ಗಂಟೆಯಲ್ಲಿ ಕಾಲು ಗಂಟೆ ಕೊಡಲು ನನಗೆ ಹೊಟ್ಟೆಯುರಿಯುತ್ತಿತ್ತು. ಹಾಗಾಗಿ ಬೆಳಿಗ್ಗೆಯೇ ಆನ್ ಮಾಡಿ, ಮುಚ್ಚಳ ಮುಚ್ಚಿ, ಮಿಲ್ಲಿಗೆ ಹೋಗಿಬಿಡುತ್ತಿದ್ದೆ. ಮುಚ್ಚಿದರೂ ಅದು ಒಳಗೆ ಆನ್ ಆಗಿಯೇ ಇರುವಂತೆ ಮಾಡಿಕೊಂಡಿದ್ದೆ. ಮೊದಲೆಲ್ಲ ಹಾಗೆ ಬಿಟ್ಟರೆ ತಣ್ಣಗೆ, ಸದ್ದಿಲ್ಲದೆ ಬಿದ್ದಿರುತ್ತಿತ್ತು. ಅತ್ತೆ ಆಗಾಗ ಬಂದು ಮುಟ್ಟಿ ನೋಡುತ್ತಿದ್ದರು ಅನ್ನುವುದೇ ನನಗೆ ಆಗ ಗೊತ್ತಿರಲಿಲ್ಲ.

ಗೌರಿ ಗಣೇಶ ಕಳೆದ ಮೇಲೆ ಅದಕ್ಕೆ ಏನೋ ಹಿಡಿಯಿತು. ಮುಚ್ಚಿಟ್ಟ ಲ್ಯಾಪ್‌ಟಾಪಿನ ಫ್ಯಾನು ಗೊಂಯ್ ಅಂತ ಒಂದೇ ಸಮ ಕೂಗತೊಡಗಿತು. ಪಕ್ಕದಲ್ಲಿ ಮಿಲ್ಲಿನ ಮೋಟಾರು ಓಡುವಾಗ ಕೇಳುತ್ತಿರಲಿಲ್ಲ. ಮೋಟಾರು ನಿಲ್ಲಿಸಿದ ತಕ್ಷಣ ಒಳಕೋಣೆಯಿಂದ ಆ ಕೂಗು ಬರುತ್ತಿತ್ತು. ನಾನು ಮಧ್ಯಾಹ್ನ ಮುಚ್ಚಳ ತೆಗೆದರೆ ಕೀಲಿಗಳ ಮೇಲೆ ಬೆರಳಿಡುವುದೇ ಕಷ್ಟ, ಅಷ್ಟು ಬಿಸಿ. ಒಂದು ಅಕ್ಷರ ಒತ್ತಿ, ಅದು ಪರದೆಯ ಮೇಲೆ ಮೂಡುವುದನ್ನು ಕಾಯಬೇಕು.

ಮೂರನೆಯ ದಿನ ಅತ್ತೆ ಕೇಳಿದರು. "ಬೆಳಿಗ್ಗೆ ಅದರ ಮುಂದೆ ಕೂತಿದ್ಯಾ?"

"ಇಲ್ಲ ಅತ್ತೆ, ಮಿಲ್ಲಲ್ಲೇ ಇದ್ನಲ್ಲ."

"ನಾನು ಹೊಲದ ತಾವ್ಕೆ ಹೋಗಿದ್ನಲ್ಲ, ಆವಾಗ?"

"ಆವಾಗ್ಲೂ ಇಲ್ಲ. ಮುಟ್ಟೇ ಇಲ್ಲ."

ಅವರು ಒಳಗೆ ಹೋಗಿ ಮುಚ್ಚಳದ ಮೇಲೆ ಅಂಗೈ ಇಟ್ಟು, ನನ್ನ ಮುಖ ನೋಡಿ, ಹೊರಗೆ ಬಂದರು. ನಾನು ವಿವರಿಸಲು ಹೋದೆ. ಅದು ಆನ್ ಆಗಿರುತ್ತೆ, ಆದರೆ ನಾನು ಉಪಯೋಗಿಸುತ್ತಿಲ್ಲ ಎಂದೆ.

"ಒಲೆ ಹಚ್ದೆ ಪಾತ್ರೆ ಕಾದದಾ? ಮೊದ್ಲು ಹಿಂಗಿರ್ನಿಲ್ವಲ್ಲ. ನಾನು ಬರೋದ ಕಂಡು ಮುಚ್ಬುಡ್ತೀಯ, ಅದು ಉಸ್ರು ಬುಡ್ತಾ ಕೂತಿರ್ತದೆ. ನಂಗೇನು ತಿಳಿಯಾಕಿಲ್ವಾ?"

ಆಮೇಲಿನ ಮೂರು ವಾರ ನಾನು ಆ ಮನೆಯಲ್ಲಿ ಸುಳ್ಳುಗಾರ್ತಿಯಾಗಿದ್ದೆ. ಬೈಗುಳವಿಲ್ಲ, ಜಗಳವಿಲ್ಲ. ನಾನು ಹಾಲು ಕಾಸಿದ್ದೀನಿ ಅಂದರೂ ಅತ್ತೆ ಪಾತ್ರೆ ಎತ್ತಿ ನೋಡುತ್ತಿದ್ದರು. ಇಂಥವರ ಹಿಟ್ಟು ಕೊಟ್ಟಾಯಿತು ಅಂದರೆ ಚೀಲ ಎಣಿಸುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ನಾನು ನಿಜವಾಗಿ ಕದ್ದು ಕೂತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೊಟ್ಟ ಮಾತನ್ನು ಅಕ್ಷರಶಃ ಪಾಲಿಸಿ ಕಳ್ಳಿ ಅನ್ನಿಸಿಕೊಳ್ಳುವುದನ್ನು ಮಾತ್ರ ನನ್ನಿಂದ ನುಂಗಲಾಗಲಿಲ್ಲ.

ಕೊನೆಗೆ ಒಂದು ರಾತ್ರಿ ಊಟದ ಹೊತ್ತಿಗೆ, ಎಲ್ಲರ ಮುಂದೆ, ಅತ್ತೆ ತೀರ್ಪು ಕೊಟ್ಟರು. ಮುಂದಿನ ಹಬ್ಬಕ್ಕೆ ಕರೆಯಲು ನನ್ನ ಅಪ್ಪ ಬರುತ್ತಾರಲ್ಲ, ಆ ಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟು ಕಳಿಸುವುದು. ಓದೋದಿದ್ದರೆ ಪುಸ್ತಕದಲ್ಲಿ ಓದಲಿ. ಮಾವ ಮುದ್ದೆ ಮುರಿಯುತ್ತಲೇ ಇದ್ದರು. ಗಂಡ ನನ್ನ ಕಡೆ ನೋಡಿ, "ರಿಪೇರಿಗಾದ್ರೂ ಒಂದ್ಸಲ ತೋರ್ಸಣ" ಅಂದರು. ಅಷ್ಟು ಹೇಳಿದ್ದೇ ದೊಡ್ಡದು. ಪ್ರಬಂಧ ಅರ್ಧವಾಗಿತ್ತು, ಕಳಿಸಲು ಒಂದೂವರೆ ತಿಂಗಳಿತ್ತು.

"ತೋರ್ಸಿ. ನಾನೂ ಬತ್ತೀನಿ" ಅಂದರು ಅತ್ತೆ. ನಾನು ರಿಪೇರಿಯವನಿಗೆ ಹೇಳಿಕೊಟ್ಟು ಸುಳ್ಳು ಹೇಳಿಸುತ್ತೇನೆಂದು ಅವರಿಗೆ ಅನುಮಾನ. ನನಗೂ ಬೇಕಾಗಿದ್ದು ಅದೇ. ತಮ್ಮ ಕಿವಿಯಿಂದಲೇ ಕೇಳಲಿ.

ಚನ್ನಪಟ್ಟಣದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮಹಡಿಯ ಮೇಲೆ ಆ ರಿಪೇರಿ ಅಂಗಡಿ. ಮೂವತ್ತರ ಆಸುಪಾಸಿನ ಒಬ್ಬ ಮನುಷ್ಯ, ಸುತ್ತಲೂ ಬಿಚ್ಚಿಟ್ಟ ಕಂಪ್ಯೂಟರುಗಳು. ಅತ್ತೆ ಸೆರಗು ಹೊದ್ದು, ಮದುವೆಮನೆಯಲ್ಲಿ ಎದುರು ಪಕ್ಷದವರ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ವಿಷಯ ಹೇಳಿದೆ. ಮುಟ್ಟದಿದ್ದರೂ ಕೂಗುತ್ತದೆ, ಬಿಸಿಯಾಗುತ್ತದೆ ಎಂದೆ. ಅತ್ತೆ ತಡೆದು, "ಮುಟ್ತಳೋ ಮುಟ್ಟಾಕಿಲ್ವೋ ಅದ ನೀನು ಹೇಳಪ್ಪ" ಅಂದರು.

ಆತ ನಮ್ಮಿಬ್ಬರನ್ನೂ ಒಂದು ಸಲ ನೋಡಿದ. ಬುದ್ಧಿವಂತ. ಯಾರ ಪಕ್ಷವನ್ನೂ ವಹಿಸದೆ ವೈರು ಸಿಕ್ಕಿಸಿದ.

ಅದು ಏಳುವಷ್ಟರಲ್ಲಿ ಕೆಳಗಿನಿಂದ ಕಾಫಿ ತರಿಸಿ ಅತ್ತೆಗೆ ಕೊಟ್ಟ. ಎದ್ದ ಮೇಲೆ ಮೂರು ಕೀಲಿ ಒಟ್ಟಿಗೆ ಒತ್ತಿ ಒಂದು ಪಟ್ಟಿ ತೆರೆದ. ಒಳಗೆ ಯಾವ ಯಾವ ಕೆಲಸ ನಡೆಯುತ್ತಿದೆ, ಯಾವುದು ಎಷ್ಟು ತಿನ್ನುತ್ತಿದೆ ಅನ್ನುವ ಪಟ್ಟಿ ಅದು. "ಸಿ.ಪಿ.ಯು." ಎಂದು ಬರೆದ ಸಾಲಿನ ತಲೆಯ ಮೇಲೆ ಒತ್ತಿದಾಗ ಹೆಚ್ಚು ತಿನ್ನುವುದು ಮೇಲಕ್ಕೆ ಬಂತು.

"ನೋಡಿ ಅಮ್ಮಾ," ಎಂದು ಪರದೆಯನ್ನು ಅತ್ತೆಯ ಕಡೆಗೇ ತಿರುಗಿಸಿದ. "ಇಲ್ಲಿ ಐಡಲ್ ಅಂತ ಒಂದೈತೆ. ಯಾರೂ ಏನೂ ಮಾಡ್ದೆ ಇದ್ರೆ ಇದರ ಮುಂದೆ ತೊಂಬತ್ತೆಂಟು, ತೊಂಬತ್ತೊಂಬತ್ತು ಇರ್ಬೇಕು. ಮಿಷಿನ್ನು ಸುಮ್ನೆ ಕೂತೈತೆ ಅಂತ ಅರ್ಥ. ಈಗ ಅಲ್ಲೇನೈತೆ? ಸೊನ್ನೆ. ಆ ತೊಂಬತ್ತೊಂಬತ್ತನ್ನ ಇನ್ನೊಂದು ಯಾವುದೋ ನುಂಗ್ತಾ ಐತೆ."

"ಯಾವ್ದದು?"

"ಪ್ರಿಂಟ್ ಮಾಡ್ಸೋದು. ಕಾಗ್ದನ ಪ್ರಿಂಟರಿಗೆ ಸರತಿ ಮೇಲೆ ಕಳ್ಸೋ ಕೆಲ್ಸ ಇದರದ್ದು."

"ನಮ್ಮನೇಲಿ ಪ್ರಿಂಟರೇ ಇಲ್ವಲ್ಲಪ್ಪ" ಅಂದರು ಅತ್ತೆ. ಗೆದ್ದೆ ಅನ್ನುವ ಧ್ವನಿ.

ಅಷ್ಟರಲ್ಲಿ ಫ್ಯಾನು ಏರಿ ಏರಿ ಕೂಗಲು ಶುರುವಾಗಿತ್ತು. ಆತ ಅದನ್ನು ಮತ್ತೆ ಆಫ್ ಮಾಡಿ ಆನ್ ಮಾಡಿದ. ಆಮೇಲೆ ತನ್ನ ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ನಿಂತ. ನನಗೂ ದೂರ ಕೂರಲು ಹೇಳಿದ. "ಅಮ್ಮಾ, ನೀವೇ ಕೈ ಇಟ್ಕೊಂಡಿರಿ. ಯಾರೂ ಮುಟ್ಟಲ್ಲ."

ಅತ್ತೆ ಅಂಗೈ ಇಟ್ಟರು. ನಾವು ಮೂವರೂ ಹಾಗೆಯೇ ಕಾದೆವು. ಕೆಳಗೆ ಬಸ್ಸುಗಳ ಹಾರನ್ನು, ಗೊಬ್ಬರದ ವಾಸನೆ. ಯಾರೂ ಒಂದು ಕೀಲಿಯನ್ನೂ ಒತ್ತಲಿಲ್ಲ. ಐದು ನಿಮಿಷ ಆಗಿರಬಹುದು, ಫ್ಯಾನು ಮತ್ತೆ ಗೊಂಯ್ ಅಂತ ಹತ್ತಿಕೊಂಡಿತು. ಇನ್ನೂ ಐದು ನಿಮಿಷಕ್ಕೆ ಅತ್ತೆ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು. ಬಿಸಿ ತಾಗಿತ್ತು. ನಾನು ಆಗ ಅವರ ಮುಖ ನೋಡಲಿಲ್ಲ, ನೋಡಿದ್ದರೆ ಅತ್ತುಬಿಡುತ್ತಿದ್ದೆ. ಮೂರು ವಾರ ನಾನು ಬಾಯಿ ನೋಯುವಂತೆ ಹೇಳಿದ್ದನ್ನು ಹತ್ತು ನಿಮಿಷದಲ್ಲಿ ಅದು ತಾನೇ ಹೇಳಿತ್ತು.

ಆತ ಪರದೆಯ ಮೇಲೆ ಪ್ರಿಂಟಿನ ಸರತಿ ತೆರೆದ. ಅದರಲ್ಲಿ ಹನ್ನೊಂದು ಕೆಲಸಗಳು ಒಂದರ ಕೆಳಗೊಂದು ನಿಂತಿದ್ದವು, ಹನ್ನೊಂದಕ್ಕೂ ಒಂದೇ ಹೆಸರು. "ಮಿಲ್ ಬೋರ್ಡ್ ಅಂತೈತೆ" ಎಂದು ಓದಿದ. ಯಾವ ದಿನ ಕಳಿಸಿದ್ದು ಅನ್ನುವುದೂ ಅಲ್ಲೇ ಇತ್ತು. ಗಣೇಶನ ಹಬ್ಬದ ಮಾರನೆಯ ದಿನ.

ನನಗೆ ಅದು ಮರೆತೇ ಹೋಗಿತ್ತು.

ಬಾಡಿಗೆಮನೆಯವರು ಯಾವ ದಿನವೆಂದರೆ ಆ ದಿನ ಮೆಣಸಿನಕಾಯಿ ತರುತ್ತಿದ್ದರು. ಮೆಣಸಿನಕಾಯಿ ಬೀಸಿದ ಮೇಲೆ ಹಿಂದೆಯೇ ಬಂದವರ ರಾಗಿಹಿಟ್ಟು ಖಾರ. ಒಬ್ಬರ ಮನೆಯಲ್ಲಿ ಮಗುವಿಗೆ ಆ ಹಿಟ್ಟಿನಲ್ಲಿ ರಾಗಿಸರಿ ಮಾಡಿ ಕುಡಿಸಿ, ಅದು ಕಿರುಚಿ, ಅವರು ಬಂದು ಅತ್ತೆಗೆ ಬಾಯಿಗೆ ಬಂದಂತೆ ಅಂದಿದ್ದರು. ಅದಕ್ಕೆ ಅತ್ತೆ, ಖಾರದಪುಡಿ ಮಂಗಳವಾರ ಮತ್ತು ಶುಕ್ರವಾರ ಮಾತ್ರ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಅಂಟಿಸಬೇಕು ಅಂದರು. ಗಂಡ ಗೆಳೆಯನೊಬ್ಬನಿಂದ ಎರಡು ದಿನಕ್ಕೆ ಹಳೆಯ ಪ್ರಿಂಟರು ತಂದರು. ನಾನು ಟೈಪು ಮಾಡಿ ಪ್ರಿಂಟು ಒತ್ತಿದೆ. ದೀಪ ಮಿನುಗಿತು, ಕಾಗದ ಬರಲಿಲ್ಲ. ಮತ್ತೆ ಒತ್ತಿದೆ. ಸಿಟ್ಟು ಬಂದು ಒತ್ತಿದೆ, ಒತ್ತುತ್ತಲೇ ಇದ್ದೆ. ಕೊನೆಗೆ ಪ್ರಿಂಟರನ್ನು ವಾಪಸು ಕಳಿಸಿ, ಅತ್ತೆ ಸೀಮೆಸುಣ್ಣದಲ್ಲಿ ತಾವೇ ಬಾಗಿಲ ಮೇಲೆ ಬರೆದರು.

"ಮೊದಲ್ನೇದು ಅರ್ಧಕ್ಕೇ ಕೆಟ್ಟು ಕೂತೈತೆ" ಎಂದ ಆತ. "ಆಫ್ ಮಾಡಿ ಆನ್ ಮಾಡಿದ್ರೂ ಅದು ಹೋಗಲ್ಲ, ಒಳಗೆ ಬರೆದಿಟ್ಕೊಂಡಿರ್ತದೆ. ಎದ್ದ ಕೂಡ್ಲೆ ಮತ್ತೆ ಕಳ್ಸಾಕೆ ನೋಡ್ತದೆ, ಆಗಲ್ಲ, ಮತ್ತೆ ನೋಡ್ತದೆ. ಮೂರು ವಾರದಿಂದ ಇದೇ ಕೆಲ್ಸ."

ಅತ್ತೆ ಕುರ್ಚಿಯಿಂದ ಎದ್ದು ಹತ್ತಿರ ಬಂದರು. "ಅಂದ್ರೆ ನಾನು ಹೇಳಿದ್ ಬೋರ್ಡಾ?"

"ಅದೇ ಅಮ್ಮಾ. ಅಳ್ಸಿಬುಡ್ಲಾ?"

ಅತ್ತೆ ಹೂಂ ಅಂದರೋ ಇಲ್ಲವೋ ನನಗೆ ಕೇಳಲಿಲ್ಲ. ಆತ ಆ ಕೆಲಸವನ್ನು ನಿಲ್ಲಿಸಿ, ಅದು ಬರೆದಿಟ್ಟುಕೊಂಡಿದ್ದ ಕಡತಗಳನ್ನು ಹುಡುಕಿ ಅಳಿಸಿ, ಮತ್ತೆ ಶುರುಮಾಡಿದ. ಪಟ್ಟಿಯಲ್ಲಿ ಐಡಲ್ ಮುಂದೆ ತೊಂಬತ್ತೆಂಟು ಬಂತು. ಆದರೆ ಫ್ಯಾನು ಒಂದು ಮೆಟ್ಟಿಲು ಇಳಿಯಿತೇ ಹೊರತು ನಿಲ್ಲಲಿಲ್ಲ.

"ಕೆಲ್ಸ ಇಲ್ದಿದ್ರೂ ಬಿಸಿ ಇಳೀತಿಲ್ಲ" ಎಂದ. "ಗಾಳಿ ಎಲ್ಲೋ ಕಟ್ಕೊಂಡೈತೆ. ಬಿಚ್ಬೇಕು."

ಆಫ್ ಮಾಡಿ, ವೈರು ಕಿತ್ತು, ಬ್ಯಾಟರಿ ತೆಗೆದು, ಮಗುಚಿ ಹಾಕಿ ಸ್ಕ್ರೂ ಬಿಚ್ಚಿದ. ಒಳಗೆ ಒಂದು ಪುಟ್ಟ ಫ್ಯಾನು, ಅದರ ಬಾಯಿಗೆ ತೆಳ್ಳನೆಯ ತಗಡುಗಳನ್ನು ಸಾಲಾಗಿ ಜೋಡಿಸಿದ ಒಂದು ತುಂಡು. ಫ್ಯಾನಿನ ಗಾಳಿ ಆ ತಗಡುಗಳ ಸಂದಿಯಿಂದ ಹೋಗುವಾಗ ಬಿಸಿಯನ್ನು ಹೊತ್ತುಕೊಂಡು ಹೊರಗೆ ಬಿಡಬೇಕಂತೆ. ಆ ಸಂದಿಗಳು ಕಾಣುತ್ತಲೇ ಇರಲಿಲ್ಲ. ಅವುಗಳ ಮೇಲೆ ಕಂಬಳಿಯ ತುಂಡಿನ ಹಾಗೆ ಒಂದು ಬೂದು ಪದರ. ಆತ ಚಿಮಟದಲ್ಲಿ ಹಿಡಿದು ಎಳೆದಾಗ ಅದು ಹಾಗೇ ಇಡಿಯಾಗಿ ಎದ್ದು ಬಂತು.

"ಎಲ್ಲಿ ಇಟ್ಟಿರ್ತೀರಿ ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆ ಪದರವನ್ನು ತೆಗೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿದರು. ಮೂವತ್ತು ವರ್ಷ ಹಿಟ್ಟು ಹೊಸಕಿದ ಬೆರಳು. "ರಾಗಿ" ಅಂದರು. ಇನ್ನೊಮ್ಮೆ ಹೊಸಕಿ, "ಒಸಿ ಗೋಧಿ. ಕಡ್ಲೆಹಿಟ್ಟೂ ಐತೆ." ಮೂಗಿನ ಹತ್ತಿರ ಹಿಡಿದು ಒಂದು ಸೀನು ಸೀನಿದರು. "ಖಾರದಪುಡಿ." ಆತ ನಕ್ಕೇಬಿಟ್ಟ. ನನಗೂ ಆ ಮೂರು ವಾರದಲ್ಲಿ ಮೊದಲ ಸಲ ನಗು ಬಂತು.

"ಹಿಟ್ಟು ಬೀಳಬಾರ್ದು ಅಂತ್ಲೇ ನಾನು ಪಂಚೆ ಹೊದ್ಸ್ತಿದ್ನಲ್ಲಪ್ಪ" ಅಂದರು ಅತ್ತೆ. ಅದು ನಿಜ. ಮೇಜಿನ ಮೇಲೆ ಮಾವನ ಹಳೇ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಲ್ಯಾಪ್‌ಟಾಪು ಇಟ್ಟು, ಉಳಿದದ್ದನ್ನು ಸುತ್ತಲೂ ಮುಚ್ಚಿ ಸಿಕ್ಕಿಸುತ್ತಿದ್ದರು, ಹಾಲಿನ ಪಾತ್ರೆಗೆ ಹೆಪ್ಪು ಹಾಕಿ ಸುತ್ತಿಟ್ಟ ಹಾಗೆ. ನಾನೂ ಒಳ್ಳೆಯದೆಂದೇ ಸುಮ್ಮನಿದ್ದೆ.

ಆತ ಲ್ಯಾಪ್‌ಟಾಪಿನ ಹೊಟ್ಟೆಯ ಕೆಳಗಿನ ತೂತುಗಳನ್ನು ತೋರಿಸಿದ. "ಉಸ್ರು ಎಳ್ಕೊಳ್ಳೋದು ಇಲ್ಲಿಂದ. ಬುಡೋದು ಪಕ್ಕದಿಂದ. ಎರಡನ್ನೂ ಬಟ್ಟೇಲಿ ಮುಚ್ಚಿದ್ರೆ ಹೆಂಗಮ್ಮಾ? ಬಟ್ಟೇಲಿರೋ ಹಿಟ್ಟನ್ನೇ ಎಳ್ಕೊಂಡೈತೆ ಇದು."

ಅತ್ತೆ ಹೋಗಿ ಕುರ್ಚಿಯ ಮೇಲೆ ಕೂತರು. ಈ ಸಲ ತುದಿಯಲ್ಲಲ್ಲ, ಪೂರ್ತಿ. ಆತ ಬ್ರಷ್ಷಿನಲ್ಲಿ ತಗಡುಗಳನ್ನು ಉಜ್ಜಿ, ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಗಾಳಿ ಊದಿದ. ಮಹಡಿಯ ಬಾಗಿಲಿನ ಆಚೆಗೆ ಸಣ್ಣ ಮೋಡದಂತೆ ಹಿಟ್ಟು ಹಾರಿತು. ಬಿಸಿಯನ್ನು ತಗಡಿಗೆ ದಾಟಿಸುವ ಹಳೆಯ ಪೇಸ್ಟು ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದನ್ನು ಒಂದು ಕಾಳಿನಷ್ಟು ಹಚ್ಚಿ ಮುಚ್ಚಿದ. ಆನ್ ಮಾಡಿದಾಗ ಫ್ಯಾನು ಒಂದು ಕ್ಷಣ ತಿರುಗಿ ಮೆತ್ತಗಾಯಿತು. ಓಡುತ್ತಿದೆಯೇ ಎಂದು ಕಿವಿ ಇಟ್ಟು ಕೇಳಬೇಕಾಯಿತು.

ಬಸ್ಸಿನಲ್ಲಿ ಬರುವಾಗ, ಅತ್ತೆ ಮನೆಗೆ ಹೋಗಿ ಎಲ್ಲರ ಮುಂದೆ ಹೇಳಲಿ ಎಂದು ಕಾದಿದ್ದೆ. ತೀರ್ಪು ಕೊಟ್ಟದ್ದು ಎಲ್ಲರ ಮುಂದೆ ತಾನೆ? ಆದರೆ ಮಾವ "ಏನಂತೆ?" ಎಂದು ಕೇಳಿದಾಗ ಅತ್ತೆ ಚಪ್ಪಲಿ ಬಿಡುತ್ತಾ, "ಏನಿಲ್ಲ, ಹಿಟ್ಟು ಕೂತಿತ್ತಂತೆ" ಅಂದು ಒಳಗೆ ಹೋದರು. ಬೋರ್ಡಿನ ಮಾತಿಲ್ಲ, ಪಂಚೆಯ ಮಾತಿಲ್ಲ, ನನ್ನ ಮಾತಂತೂ ಇಲ್ಲವೇ ಇಲ್ಲ. ಗಂಡನಿಗೆ ಆ ರಾತ್ರಿ ನಾನೇ ಎಲ್ಲ ಹೇಳಿದೆ. "ಸರೀ ಹೋಯ್ತಲ್ಲ, ಬುಡು" ಅಂದರು. ಸರಿಹೋದದ್ದು ಲ್ಯಾಪ್‌ಟಾಪು. ನನ್ನ ಮೇಲಿನ ಅಪವಾದ ಹಾಗೇ ಇತ್ತು.

ಮಾರನೆಯ ದಿನ ನಾನು ಮಾತು ಮುರಿದೆ. ಅದನ್ನು ಮುಚ್ಚಿಡಲಾರೆ. ಅತ್ತೆ ಹೊಲದ ಕಡೆ ಹೋದದ್ದೇ ತಡ, ಮಿಲ್ಲಿಗೆ ಯಾರೂ ಬಾರದ ಹೊತ್ತು ನೋಡಿ, ಒಂಬತ್ತು ಗಂಟೆಗೆ ಲ್ಯಾಪ್‌ಟಾಪು ತೆಗೆದು ಕೂತೆ. ಚೀಲ ಬಂದಾಗ ಎದ್ದು ಹೋಗಿ ಬೀಸಿಕೊಟ್ಟು ಮತ್ತೆ ಬಂದು ಕೂತೆ. ಹೇಗೂ ಕಳ್ಳಿ ಅನ್ನಿಸಿಕೊಂಡಿದ್ದೇನೆ, ಆ ಹೆಸರಿಗೆ ತಕ್ಕ ಸುಖವಾದರೂ ಸಿಗಲಿ ಎಂಬ ಹಟ. ಎರಡೂವರೆ ಗಂಟೆಯಲ್ಲಿ ಏಳು ಪುಟ ಬರೆದೆ. ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಅಂಗಳದಲ್ಲಿ ಕೆಮ್ಮಿನ ಸದ್ದು ಕೇಳಿದಾಗ ಮುಚ್ಚಳ ಮುಚ್ಚಿ ಮಿಲ್ಲಿಗೆ ಬಂದು ತಕ್ಕಡಿಯ ಹತ್ತಿರ ನಿಂತೆ. ಅತ್ತೆ ನನ್ನ ಮೇಲೆ ಹೊರಿಸಿದ್ದನ್ನು ಹಾಗೇ ಮಾಡಿದ್ದೆ.

ಅವರು ನೇರ ಒಳಕೋಣೆಗೆ ಹೋದರು. ಅಭ್ಯಾಸ ಬಿಡುತ್ತದೆಯೆ? ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಮುಚ್ಚಳದ ಮೇಲೆ ಅಂಗೈ ಇಟ್ಟರು. ಪಕ್ಕಕ್ಕೆ ಸರಿಸಿ ಗಾಳಿ ಬಿಡುವ ಕಡೆ ಇಟ್ಟರು. ಕಿವಿಗೊಟ್ಟರು. ಆಮೇಲೆ ನನ್ನ ಹತ್ತಿರ ಬಂದು, ಆ ಮೂರು ವಾರದಲ್ಲಿ ಕಾಣದ ಮುಖದಲ್ಲಿ, "ಇವತ್ತು ಮುಟ್ಟಿಲ್ಲ ನೀನು" ಅಂದರು. "ನಂಗೊತ್ತು. ತಣ್ಣಗೈತೆ. ಪಾಪ, ಅವತ್ತೂ ನೀನು ಮುಟ್ಟಿರ್ನಿಲ್ಲ ಕಣಮ್ಮಿ. ನಾನೇ ಸುಮ್ನೆ ಅಂದ್ಬುಟ್ಟೆ."

ನಾನು ಕೇಳಬೇಕೆಂದು ಹಂಬಲಿಸಿದ್ದ ಮಾತೇ ಅದು. ಅದು ನನಗೆ ಸಿಕ್ಕಿದ್ದು ನಾನು ಅದಕ್ಕೆ ತಕ್ಕವಳಲ್ಲದ ಒಂದೇ ಒಂದು ದಿನ. ಹೂಂ ಎಂದು ತಲೆ ತಗ್ಗಿಸಿದ್ದರೆ ಸಾಕಿತ್ತು. ಆ ಅಂಗೈಯನ್ನು ಇನ್ನು ಜೀವಮಾನವಿಡೀ ಏಮಾರಿಸಬಹುದಿತ್ತು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು.

"ಮುಟ್ಟಿದ್ದೆ ಅತ್ತೆ" ಎಂದೆ. "ನೀವು ಹೋದಾಗ್ಲಿಂದ ಅದರ ಮುಂದೇನೇ ಕೂತಿದ್ದೆ. ಈಗ ಅದು ಅಷ್ಟು ಬೇಗ ಬಿಸಿ ಆಗಲ್ಲ."

ಅತ್ತೆ ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಬೈಯುತ್ತಾರೆ ಎಂದು ನಾನು ಕಾದೆ. ಹೊರಗೆ ಯಾರೋ ಚೀಲ ಇಳಿಸಿ "ಅಮ್ಮೋ, ರಾಗಿ" ಎಂದು ಕೂಗಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಆ ಕಡೆ ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು:

"ಹಂಗಾರೆ ಇನ್ಮೇಲೆ ನಿನ್ನೇ ಕೇಳ್ಬೇಕು ಬುಡು."